ಪೋಸ್ಟ್‌ಡಾಕ್ ಅರ್ಜಿಪತ್ರ: ಮುಗಿದ ಮಹಾಪ್ರಬಂಧದಿಂದ ಮುಂದಿನ ಸಂಶೋಧನೆಗೆ

ಪಿಎಚ್.ಡಿ. ಮುಗಿಸಿದ ಸಂಶೋಧಕರು ಪೋಸ್ಟ್‌ಡಾಕ್ ಸ್ಥಾನಕ್ಕಾಗಿ ಒಂದು ಪ್ರಯೋಗಾಲಯದ ಮುಖ್ಯಸ್ಥರಿಗೆ ಬರೆಯುವ ಪತ್ರ ಸಾಮಾನ್ಯವಾಗಿ ಒಂದೂವರೆ ಅಥವಾ ಎರಡು ಪುಟದ್ದು. ಅಷ್ಟರೊಳಗೆ ಅದು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಈ ವ್ಯಕ್ತಿಯ ಕೆಲಸದಿಂದ ಮೊದಲು ಗೊತ್ತಿಲ್ಲದಿದ್ದ ಯಾವ ಸಂಗತಿ ಈಗ ಗೊತ್ತಾಗಿದೆ ಎಂಬುದು ಮೊದಲನೆಯದು; ಮುಂದಿನ ಎರಡು ವರ್ಷ ನಮ್ಮಲ್ಲಿ ಇವರು ಏನು ಮಾಡುತ್ತಾರೆ, ಅದನ್ನು ನಮ್ಮಲ್ಲೇ ಯಾಕೆ ಮಾಡಬೇಕು ಎಂಬುದು ಎರಡನೆಯದು. ಭಾರತದ ಸಂಶೋಧನಾ ಅನುದಾನ ಸಂಸ್ಥೆಯಾದ ಎಎನ್‌ಆರ್‌ಎಫ್ ನೀಡುವ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್‌ಗಾಗಲಿ, ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗಾಗಲಿ ಬೇರೆಯದೇ ನಮೂನೆಗಳಿವೆ, ನಿಜ. ಆದರೆ ಅವೆರಡಕ್ಕೂ ಮೊದಲು ಮಾರ್ಗದರ್ಶಕರೊಬ್ಬರ ಒಪ್ಪಿಗೆ ಬೇಕು, ಆ ಒಪ್ಪಿಗೆ ದೊರೆಯುವುದು ಇಂಥ ಪತ್ರದಿಂದಲೇ.

ಪತ್ರದ ಈ ಎರಡು ಭಾಗಗಳನ್ನು ಬಹಳ ಜನ ಬೇರೆ ಬೇರೆ ದಿನ, ಬೇರೆ ಬೇರೆ ಮನಸ್ಥಿತಿಯಲ್ಲಿ ಬರೆಯುತ್ತಾರೆ. ಮೊದಲ ಭಾಗಕ್ಕೆ ಮಹಾಪ್ರಬಂಧದ ಸಾರಾಂಶವನ್ನು ಕತ್ತರಿಸಿ ಅಂಟಿಸುತ್ತಾರೆ, ಎರಡನೆಯ ಭಾಗಕ್ಕೆ ಅರ್ಜಿ ಹೋಗುವ ಪ್ರಯೋಗಾಲಯದ ಜಾಲತಾಣ ನೋಡಿ ಅಲ್ಲಿನ ವಿಷಯಗಳನ್ನೇ ಮರಳಿ ಹೇಳುತ್ತಾರೆ. ಓದುವವರಿಗೆ ನಡುವಿನ ಬಿರುಕು ತಕ್ಷಣ ಕಾಣುತ್ತದೆ. ಮಹಾಪ್ರಬಂಧ ಯಾವ ಮಿತಿಗೆ ಬಂದು ನಿಂತಿತೋ ಆ ಮಿತಿಯಿಂದಲೇ ಮುಂದಿನ ಯೋಜನೆ ಹುಟ್ಟಿದ್ದರೆ ಮಾತ್ರ ಪತ್ರಕ್ಕೆ ಒಂದು ಎಳೆ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ಅಮೂರ್ತವಾಗಿ ಹೇಳಿದರೆ ಪ್ರಯೋಜನವಿಲ್ಲವಾದ್ದರಿಂದ ಅಂತರ್ಜಲ ವಿಜ್ಞಾನದ ಒಂದು ಅರ್ಜಿಯನ್ನು ಕೊನೆಯವರೆಗೆ ಹಿಂಬಾಲಿಸೋಣ. ಅರ್ಜಿದಾರಳು ಮತ್ತು ಅವಳ ಅಳತೆಯ ಅಂಕಿಗಳು ವಿವರಣೆಗಾಗಿ ನಾನು ಕಟ್ಟಿದವು. ಅವಳು ಬಳಸುವ ವಿಧಾನಗಳು, ಅವುಗಳ ಹಿಂದಿನ ತರ್ಕ ಮತ್ತು ಸ್ಥಳದ ಸಂಗತಿಗಳು ವಾಸ್ತವ. ನಿಜವಾದ ಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆಯಾದರೂ ಇಲ್ಲಿ ಅದನ್ನು ಕನ್ನಡದಲ್ಲೇ ಕೊಡುತ್ತೇನೆ.

ಅವಳ ಕೆಲಸ ಕೋಲಾರ ಜಿಲ್ಲೆಯದು. ಅಲ್ಲಿ ಜೀವನದಿ ಇಲ್ಲ, ನೆಲದಡಿ ಇರುವುದು ಗಟ್ಟಿಯಾದ ಗ್ರಾನೈಟ್ ಮತ್ತು ನೈಸ್ ಶಿಲೆ, ಬೇಸಾಯ ನಿಂತಿರುವುದು ಕೊಳವೆಬಾವಿಗಳ ಮೇಲೆ. ಮಳೆಗಾಲದಲ್ಲಿ ಎಷ್ಟು ನೀರು ನೆಲದೊಳಗೆ ಇಂಗಿತು, ಅಂದರೆ ಅಂತರ್ಜಲದ ಮರುಪೂರಣ ಎಷ್ಟಾಯಿತು ಎಂದು ತಿಳಿಯಲು ಬಳಕೆಯಲ್ಲಿರುವ ಸರಳ ಮಾರ್ಗವೆಂದರೆ ಬಾವಿಯಲ್ಲಿ ನೀರಿನ ಮಟ್ಟ ಎಷ್ಟು ಏರಿತು ಎಂದು ಅಳೆದು, ಅದನ್ನು ಆ ಶಿಲೆಯ ವಿಶಿಷ್ಟ ಇಳುವರಿಯಿಂದ ಗುಣಿಸುವುದು. ವಿಶಿಷ್ಟ ಇಳುವರಿ ಎಂದರೆ ನೀರು ತುಂಬಿದ ಒಂದು ಘನಮೀಟರ್ ಶಿಲೆಯಿಂದ ನೀರಿನ ಮಟ್ಟ ಇಳಿದಾಗ ಎಷ್ಟು ಪಾಲು ನೀರು ಹೊರಬರುತ್ತದೆ ಎಂಬ ಅಳತೆ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲೂ ಈ ಏರಿಳಿತದ ವಿಧಾನಕ್ಕೆ ಮುಖ್ಯ ಸ್ಥಾನವಿದೆ.

ಈ ಲೆಕ್ಕದಲ್ಲಿ ಮಟ್ಟದ ಏರಿಕೆಯನ್ನು ಅಳೆಯುವುದು ಸುಲಭ, ವಿಶಿಷ್ಟ ಇಳುವರಿಯನ್ನು ತಿಳಿಯುವುದು ಕಷ್ಟ. ಒಂದು ಚದರ ಕಿಲೋಮೀಟರ್ ಪ್ರದೇಶದಲ್ಲಿ ಮಟ್ಟ 5 ಮೀಟರ್ ಏರಿದೆ ಎಂದುಕೊಳ್ಳಿ. ವಿಶಿಷ್ಟ ಇಳುವರಿ ಶೇಕಡಾ 2 ಆಗಿದ್ದರೆ ಇಂಗಿದ ನೀರು 100 ಮಿಲಿಮೀಟರ್, ಅಂದರೆ 10 ಕೋಟಿ ಲೀಟರ್. ಅದು ಶೇಕಡಾ 0.4 ಆಗಿದ್ದರೆ 20 ಮಿಲಿಮೀಟರ್, ಅಂದರೆ ಎರಡೇ ಕೋಟಿ ಲೀಟರ್. ಮೇಲಿನ ಶಿಥಿಲಗೊಂಡ ಪದರದಲ್ಲಿ ಮಣ್ಣು, ಪುಡಿಗಲ್ಲು ಇರುವುದರಿಂದ ನೀರಿಗೆ ಜಾಗ ಹೆಚ್ಚು. ಅದರ ಕೆಳಗಿನ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಹಾಗಾಗಿ ಮಟ್ಟ ಆಳಕ್ಕೆ ಇಳಿದುಹೋದ ಊರಿನಲ್ಲಿ 5 ಮೀಟರ್ ಏರಿಕೆ ಕಂಡರೆ ಅದು ಸ್ವಲ್ಪವೇ ನೀರಿನ ಗುರುತಾಗಿರಬಹುದು.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಅವಳ ಮೊದಲ ಕರಡನ್ನು ನೋಡೋಣ. ಅದರಲ್ಲಿ ಹೀಗಿತ್ತು: ‘ನನ್ನ ಮಹಾಪ್ರಬಂಧದಲ್ಲಿ ಕೋಲಾರ ಜಿಲ್ಲೆಯ ಗಟ್ಟಿಶಿಲಾ ಪ್ರದೇಶದ ಅಂತರ್ಜಲ ಮರುಪೂರಣವನ್ನು ಕ್ಷೇತ್ರ ಮಾಪನ, ಪಂಪಿಂಗ್ ಪರೀಕ್ಷೆ ಹಾಗೂ ಗಣಕ ಮಾದರಿಗಳ ಮೂಲಕ ಸಮಗ್ರವಾಗಿ ಅಧ್ಯಯನ ಮಾಡಿದ್ದೇನೆ. ಫಲಿತಾಂಶಗಳು ಜಲ ನಿರ್ವಹಣೆಗೆ ಮಹತ್ವದ್ದಾಗಿವೆ.’ ಇದರಲ್ಲಿ ಸುಳ್ಳಿಲ್ಲ. ಆದರೆ ಅವಳು ಏನು ಮಾಡಿದಳು ಎಂಬುದಷ್ಟೇ ಇದೆ, ಏನು ಕಂಡುಕೊಂಡಳು ಎಂಬುದಿಲ್ಲ. ಅದೇ ಜಿಲ್ಲೆಯಲ್ಲಿ ಅದೇ ಉಪಕರಣ ಹಿಡಿದು ಬೇರೆಯವರು ಬರೆದ ಯಾವ ಪ್ರಬಂಧಕ್ಕೂ ಈ ವಾಕ್ಯಗಳು ಒಪ್ಪುತ್ತವೆ. ಸಾರಾಂಶವೊಂದು ಇಷ್ಟು ಸಡಿಲವಾಗಿದೆಯೇ ಎಂದು ತಿಳಿಯಲು ನಾನು ಬಳಸುವ ಪರೀಕ್ಷೆ ಒಂದೇ: ಅದರ ಮುಖ್ಯ ವಾಕ್ಯವನ್ನು ಯಾರಾದರೂ ‘ಇದು ಸರಿಯಲ್ಲ’ ಎಂದು ಅಲ್ಲಗಳೆಯಲು ಸಾಧ್ಯವೇ? ಸಮಗ್ರವಾಗಿ ಅಧ್ಯಯನ ಮಾಡಿದ್ದೇನೆ ಎಂಬುದನ್ನು ಅಲ್ಲಗಳೆಯುವುದಕ್ಕೆ ಏನೂ ಇಲ್ಲ, ಆದ್ದರಿಂದ ಅದರಲ್ಲಿ ಕೊಡುಗೆಯೂ ಇಲ್ಲ.

ಕೊಡುಗೆಯನ್ನು ಹೇಳಬೇಕಾದರೆ ನಾಲ್ಕು ಸಂಗತಿಗಳು ಒಂದರ ಹಿಂದೆ ಒಂದು ಬರಬೇಕು: ಕ್ಷೇತ್ರದಲ್ಲಿ ಈವರೆಗೆ ಏನನ್ನು ಒಪ್ಪಿಕೊಳ್ಳಲಾಗಿತ್ತು, ಅದರಲ್ಲಿ ಎಲ್ಲಿ ತೊಡಕಿತ್ತು, ತಾನು ಯಾವ ಸಾಕ್ಷ್ಯದಿಂದ ಏನನ್ನು ತೋರಿಸಿದೆ, ಅದು ಎಲ್ಲಿಯವರೆಗೆ ನಿಲ್ಲುತ್ತದೆ. ಅವಳ ಎರಡನೆಯ ಕರಡು ಹೀಗೆ ಬಂತು: ‘ಗಟ್ಟಿಶಿಲೆಯ ಪ್ರದೇಶದಲ್ಲಿ ಮರುಪೂರಣವನ್ನು ಅಂದಾಜಿಸುವಾಗ ಹಲವು ವೇಳೆ ಇಡೀ ಜಲಾನಯನಕ್ಕೆ ಒಂದೇ ವಿಶಿಷ್ಟ ಇಳುವರಿಯನ್ನು ಬಳಸುತ್ತಾರೆ. ಆಳ ಹೆಚ್ಚಿದಂತೆ ಅದು ಕಡಿಮೆಯಾಗುತ್ತದೆಂದು ಗೊತ್ತಿದ್ದರೂ ಮಳೆಯಾಶ್ರಿತ ಕೆರೆಗಳ ಕೆಳಗಿನ ಕೊಳವೆಬಾವಿಗಳಲ್ಲಿ ಈ ಇಳಿಕೆಯನ್ನು ವರ್ಷದಿಂದ ವರ್ಷಕ್ಕೆ ಅಳೆದು ಲೆಕ್ಕಕ್ಕೆ ಸೇರಿಸಿರಲಿಲ್ಲ. ಎರಡು ಕೆರೆಗಳ ಅಚ್ಚುಕಟ್ಟಿನಲ್ಲಿ ಬೇಸಿಗೆಯ ಪಂಪಿಂಗ್ ಪ್ರಮಾಣವನ್ನೂ ನೀರಿನ ಮಟ್ಟದ ಇಳಿಕೆಯನ್ನೂ ಒಟ್ಟಿಗೆ ಅಳೆದು, ಮಟ್ಟ ಶಿಥಿಲ ಪದರದಲ್ಲಿದ್ದಾಗ ಶೇಕಡಾ 2ರ ಆಸುಪಾಸಿನಲ್ಲಿದ್ದ ವಿಶಿಷ್ಟ ಇಳುವರಿ, ಬಿರುಕಿನ ಪದರಕ್ಕೆ ಇಳಿದಾಗ ಶೇಕಡಾ 0.4ಕ್ಕೆ ಕುಸಿಯುತ್ತದೆಂದು ತೋರಿಸಿದೆ. ಹೀಗಾಗಿ ಒಂದೇ ಅಂಕಿ ಬಳಸಿದ ಲೆಕ್ಕ ಬರಗಾಲದ ನಂತರದ ವರ್ಷದಲ್ಲಿ ಮರುಪೂರಣವನ್ನು ಐದು ಪಟ್ಟಿನವರೆಗೆ ಹೆಚ್ಚಾಗಿ ತೋರಿಸಬಲ್ಲದು.’

ಈ ಪ್ಯಾರಾವನ್ನು ತಜ್ಞರು ಪ್ರಶ್ನಿಸಬಹುದು, ಆಧಾರ ಕೇಳಬಹುದು. ಅದಕ್ಕೇ ಅದು ಗಟ್ಟಿಯಾಗಿದೆ. ಹಿಂದಿನವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿರುವುದನ್ನೂ ಗಮನಿಸಬೇಕು. ಆಳದೊಂದಿಗೆ ಇಳುವರಿ ಇಳಿಯುತ್ತದೆ ಎಂಬ ತಿಳಿವಳಿಕೆ ಅವಳದಲ್ಲ, ಬೇಸಿಗೆಯ ಪಂಪಿಂಗ್‌ನಿಂದ ಇಳುವರಿಯನ್ನು ಕಂಡುಹಿಡಿಯುವ ಉಪಾಯವೂ ಅವಳದಲ್ಲ. ಹೈದರಾಬಾದ್ ಬಳಿಯ ಮಹೇಶ್ವರಂ ಜಲಾನಯನದಲ್ಲಿ ದುಡಿದ ಭಾರತ-ಫ್ರಾನ್ಸ್ ತಂಡ ಗಟ್ಟಿಶಿಲೆಗೆ ಆ ಉಪಾಯವನ್ನು ಅನ್ವಯಿಸಿ 2006ರಲ್ಲಿ ಪ್ರಕಟಿಸಿತ್ತು. ಪತ್ರ ಓದುವ ಮುಖ್ಯಸ್ಥರಿಗೆ ಇದು ಖಂಡಿತ ಗೊತ್ತಿರುತ್ತದೆ. ಆ ಋಣವನ್ನು ಮರೆಮಾಚಿದರೆ ಅರ್ಜಿದಾರಳಿಗೆ ಕ್ಷೇತ್ರದ ಚರಿತ್ರೆ ತಿಳಿಯದು ಎಂದೋ, ತಿಳಿದೂ ಹೇಳಲಿಲ್ಲ ಎಂದೋ ಅವರು ಭಾವಿಸುತ್ತಾರೆ. ಎರಡೂ ಅವಳಿಗೆ ಹಾನಿ. ಬೇರೆಯವರದನ್ನು ಸ್ಪಷ್ಟವಾಗಿ ತೆಗೆದಿಟ್ಟ ಮೇಲೆ ಉಳಿಯುವುದು ಚಿಕ್ಕದಾಗಿ ಕಂಡರೂ ಅದು ಪೂರ್ತಿ ಅವಳದೇ ಆಗಿರುತ್ತದೆ.

ಗುಂಪಿನಲ್ಲಿ ದುಡಿದವರಿಗೆ ಇಲ್ಲಿ ಇನ್ನೊಂದು ಮಾತು. ಪತ್ರಿಕೆಯಲ್ಲಿ ಪ್ರಕಟವಾಗುವ ಲೇಖನಗಳಲ್ಲಿ ‘ನಾವು’ ಎಂದೇ ಬರೆಯುವ ರೂಢಿಯಿಂದಾಗಿ ಪತ್ರದಲ್ಲೂ ‘ನಾವು ಅಳೆದೆವು, ನಾವು ತೋರಿಸಿದೆವು’ ಎಂದೇ ಬರೆದುಬಿಡುತ್ತಾರೆ. ಅರ್ಜಿಪತ್ರದಲ್ಲಿ ಅದು ಓದುಗರಿಗೆ ಬೇಕಾದ ಮಾಹಿತಿಯನ್ನೇ ಮುಚ್ಚಿಡುತ್ತದೆ. ಬಾವಿಗಳನ್ನು ಆರಿಸಿದ್ದು, ಮೀಟರ್ ಕೂರಿಸಿ ಪಂಪಿಂಗ್ ದಾಖಲಿಸಿದ್ದು, ಲೆಕ್ಕ ಕಟ್ಟಿದ್ದು ತಾನು, ಶಿಲೆಯ ವಿದ್ಯುತ್ ರೋಧವನ್ನು ಅಳೆದು ಪದರಗಳ ಆಳ ಗುರುತಿಸಿದ್ದು ಸಹೋದ್ಯೋಗಿ ಎಂದು ಒಂದೇ ವಾಕ್ಯದಲ್ಲಿ ಬಿಡಿಸಿ ಹೇಳಿದರೆ ಸಾಕು. ಶಿಫಾರಸು ಪತ್ರ ಬರೆಯುವ ಮಾರ್ಗದರ್ಶಕರೂ ಇದೇ ಹಂಚಿಕೆಯನ್ನು ಹೇಳುವಂತಿರಬೇಕು. ಎರಡು ಪತ್ರಗಳು ಒಂದೇ ಕೆಲಸವನ್ನು ಇಬ್ಬರ ಹೆಸರಿಗೆ ಬರೆದಾಗ ಅನುಮಾನ ಬರುವುದು ಅರ್ಜಿದಾರರ ಮೇಲೆ. ಲೇಖನಗಳ ಸ್ಥಿತಿಯ ವಿಷಯದಲ್ಲೂ ಅಷ್ಟೇ ನಿಖರತೆ ಬೇಕು: ಪ್ರಕಟವಾಗಿದೆ, ಅಂಗೀಕೃತವಾಗಿದೆ, ಪರಿಶೀಲನೆಯಲ್ಲಿದೆ, ಇನ್ನೂ ಬರೆಯುತ್ತಿದ್ದೇನೆ ಎಂಬ ನಾಲ್ಕೂ ಬೇರೆ ಬೇರೆ ಸ್ಥಿತಿಗಳು.

ಈಗ ಎಲ್ಲಕ್ಕಿಂತ ಮುಖ್ಯವಾದ ವಾಕ್ಯಕ್ಕೆ, ಅಂದರೆ ಮಿತಿಯನ್ನು ಹೇಳುವ ವಾಕ್ಯಕ್ಕೆ ಬರೋಣ. ಅನೇಕರು ಮಿತಿಯನ್ನು ಪತ್ರದಲ್ಲಿ ಹೇಳಲು ಹೆದರುತ್ತಾರೆ. ಆದರೆ ಅವಳ ಮುಂದಿನ ಯೋಜನೆ ಹುಟ್ಟುವುದೇ ಅಲ್ಲಿ. ಬೇಸಿಗೆಯ ವಿಧಾನ ಕೆಲಸ ಮಾಡುವುದು ಒಂದು ಷರತ್ತಿನ ಮೇಲೆ: ಆ ತಿಂಗಳುಗಳಲ್ಲಿ ನೆಲಕ್ಕೆ ಹೊಸ ನೀರು ಇಂಗಬಾರದು. ಒಂದು ಚದರ ಕಿಲೋಮೀಟರಿನಲ್ಲಿ ಬೇಸಿಗೆಯಿಡೀ ನಿವ್ವಳವಾಗಿ 20,000 ಘನಮೀಟರ್ ನೀರು ಎತ್ತಿದಾಗ ಮಟ್ಟ 5 ಮೀಟರ್ ಇಳಿದರೆ, ಆ 50 ಲಕ್ಷ ಘನಮೀಟರ್ ಶಿಲೆಯಿಂದ ಬಂದದ್ದು ಶೇಕಡಾ 0.4 ಎಂದು ಹೇಳಬಹುದು. ಮಳೆಯಾಶ್ರಿತ ಕೆರೆ ಬೇಸಿಗೆಯಲ್ಲಿ ಬತ್ತಿ ಅಂಗಳ ಒಣಗುವುದರಿಂದ ಈ ಷರತ್ತು ಅಲ್ಲಿ ಬಹುಮಟ್ಟಿಗೆ ಈಡೇರುತ್ತದೆ.

ಆದರೆ 2018ರಿಂದ ಕೋಲಾರದ ಚಿತ್ರ ಬದಲಾಗಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ, ಅಂದರೆ ಜನ ಕೆ.ಸಿ. ವ್ಯಾಲಿ ಎಂದು ಕರೆಯುವ ಯೋಜನೆಯಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಪಂಪ್ ಮಾಡಿ ಮೊದಲು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸಲಾಗುತ್ತಿದೆ. ಹೀಗೆ ನೀರು ಬರುತ್ತಿರುವ ಕೆರೆಗಳು ಬೇಸಿಗೆಯಲ್ಲೂ ಇಂಗಿಸುತ್ತಲೇ ಇರುತ್ತವೆ. ಎತ್ತಿದ ನೀರಿನಲ್ಲಿ ಎಷ್ಟು ಶಿಲೆಯಲ್ಲಿ ಮೊದಲೇ ಇದ್ದದ್ದು, ಎಷ್ಟು ಕೆರೆಯಿಂದ ಆಗತಾನೇ ಬಂದದ್ದು ಎಂದು ಮಟ್ಟದ ಅಳತೆಯೊಂದೇ ಹೇಳಲಾರದು. ಆದ್ದರಿಂದ ಅವಳ ಪತ್ರದಲ್ಲಿ ಕೊಡುಗೆಯ ಪ್ಯಾರಾ ಹೀಗೆ ಮುಗಿಯುತ್ತದೆ: ‘ಬೇಸಿಗೆಯಲ್ಲಿ ಬತ್ತುವ ಕೆರೆಗಳಿಗೆ ಮಾತ್ರ ಈ ವಿಧಾನ ಅನ್ವಯಿಸುತ್ತದೆ. ವರ್ಷವಿಡೀ ಶುದ್ಧೀಕರಿಸಿದ ನೀರು ಹರಿಯುವ ಕೆರೆಗಳ ಕೆಳಗೆ ಅದು ಸೋಲುತ್ತದೆ, ಅಲ್ಲಿ ನೀರಿನ ಮೂಲವನ್ನೇ ಗುರುತಿಸುವ ವಿಧಾನ ಬೇಕು.’ ಇನ್ನು ಮುಂದಿನ ಯೋಜನೆಗೆ ಪ್ರತ್ಯೇಕ ಪೀಠಿಕೆಯ ಅಗತ್ಯವೇ ಇಲ್ಲ.

ಯೋಜನೆಯ ಪ್ರಶ್ನೆಯನ್ನು ಅವಳು ಒಂದೇ ವಾಕ್ಯದಲ್ಲಿ ಇಡುತ್ತಾಳೆ: ‘ಶುದ್ಧೀಕರಿಸಿದ ನೀರು ತುಂಬಿದ ಕೆರೆಯ ಕೆಳಗಿನ ಕೊಳವೆಬಾವಿಯ ನೀರಿನಲ್ಲಿ ಕೆರೆಯ ಪಾಲು ಎಷ್ಟು, ಅದು ಎಷ್ಟು ದೂರದವರೆಗೆ ತಲುಪುತ್ತದೆ?’ ಇದಕ್ಕೆ ಮೊದಲು ಹೊಳೆಯುವ ಉಪಾಯ ಕ್ಲೋರೈಡ್. ಕೊಳಚೆ ಮೂಲದ ನೀರಿನಲ್ಲಿ ಅದು ಹೆಚ್ಚಿರುತ್ತದೆ, ನೆಲದೊಳಗೆ ಹೋಗುವಾಗ ಕರಗಿಯೇ ಉಳಿಯುತ್ತದೆ, ಅಳೆಯುವುದಕ್ಕೆ ಖರ್ಚು ಕಡಿಮೆ. ಕೆರೆಯಲ್ಲಿ ಲೀಟರಿಗೆ 150 ಮಿಲಿಗ್ರಾಂ, ಕೆರೆಯ ಪ್ರಭಾವವಿಲ್ಲದ ಬಾವಿಯಲ್ಲಿ 50, ಪರೀಕ್ಷಿಸುವ ಬಾವಿಯಲ್ಲಿ 75 ಇದ್ದರೆ ಕೆರೆಯ ಪಾಲು 100ರಲ್ಲಿ 25 ಎಂದಾಗುತ್ತದೆ. ಆದರೆ ಕೊಳವೆಬಾವಿಯಿಂದ ಎತ್ತಿ ಹೊಲಕ್ಕೆ ಬಿಟ್ಟ ನೀರು ಆವಿಯಾಗಿ, ಅದರಲ್ಲಿದ್ದ ಉಪ್ಪು ಉಳಿದು ಮತ್ತೆ ಕೆಳಗಿಳಿಯುವುದರಿಂದ ಕೆರೆಯ ಸಂಪರ್ಕವೇ ಇಲ್ಲದ ಬಾವಿಯಲ್ಲೂ ಕ್ಲೋರೈಡ್ ಏರುತ್ತಾ ಹೋಗುತ್ತದೆ. ಆ ಹಿನ್ನೆಲೆಯ ಅಂಕಿ 50ರ ಬದಲು 70 ಆಗಿದ್ದರೆ ಅದೇ ಬಾವಿಯಲ್ಲಿ ಕೆರೆಯ ಪಾಲು ಶೇಕಡಾ 25ರಿಂದ ಸುಮಾರು 6ಕ್ಕೆ ಬೀಳುತ್ತದೆ. ಅಷ್ಟು ಅಲುಗಾಡುವ ಉತ್ತರವನ್ನು ಯಾವ ಊರಿನವರ ಮುಂದೆಯೂ ಇಡುವ ಹಾಗಿಲ್ಲ.

ಆದ್ದರಿಂದ ಅವಳು ಕ್ಲೋರೈಡ್ ಜೊತೆಗೆ ಇನ್ನೆರಡು ಗುರುತುಗಳನ್ನು ಸೇರಿಸುತ್ತಾಳೆ. ಒಂದು ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕ. ಅದು ಮನುಷ್ಯನ ದೇಹದಲ್ಲಿ ಹೆಚ್ಚು ಬದಲಾಗದೆ ಹೊರಬೀಳುತ್ತದೆ, ಶುದ್ಧೀಕರಣ ಘಟಕವನ್ನೂ ಬಹುಪಾಲು ದಾಟುತ್ತದೆ, ಮಳೆನೀರಿನಲ್ಲಾಗಲಿ ಶಿಲೆಯಲ್ಲಾಗಲಿ ಇರುವುದಿಲ್ಲ. ಬಾವಿಯಲ್ಲಿ ಅದು ಕಂಡರೆ ಕೊಳಚೆ ಮೂಲದ ನೀರು ಅಲ್ಲಿಗೆ ಬಂದಿದೆ ಎಂದೇ ಅರ್ಥ. ಇನ್ನೊಂದು ಆಮ್ಲಜನಕದ ಭಾರದ ಐಸೊಟೋಪ್: ಕೆರೆಯಲ್ಲಿ ನಿಂತು ಆವಿಯಾದ ನೀರಿನಲ್ಲಿ ಆಮ್ಲಜನಕ-18ರ ಪಾಲು ಹೆಚ್ಚಿರುವುದರಿಂದ ನೇರವಾಗಿ ಇಂಗಿದ ಮಳೆನೀರಿನಿಂದ ಅದನ್ನು ಬೇರ್ಪಡಿಸಬಹುದು. ಮೊದಲನೆಯದು ನೀರು ನಗರದಿಂದ ಬಂದದ್ದು ಎಂದು ಹೇಳುತ್ತದೆ, ಎರಡನೆಯದು ಕೆರೆಯಲ್ಲಿ ನಿಂತದ್ದು ಎಂದು ಹೇಳುತ್ತದೆ. ಎರಡೂ ಒಪ್ಪಿದ ಕಡೆ ಉತ್ತರದ ಮೇಲೆ ನಂಬಿಕೆ ಇಡಬಹುದು.

ಯೋಜನೆಯನ್ನು ಬೇರೆ ಕಡೆ ಏಕೆ ಮಾಡಬೇಕು ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಸುಕ್ರಲೋಸ್ ಅಳೆಯಲು ದ್ರವ ಕ್ರೊಮಟೋಗ್ರಫಿಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ಅದನ್ನು ಕೊಳಚೆ ಮಿಶ್ರಿತ ನೀರಿಗೆ ಹೊಂದಿಸಿಕೊಂಡ ಅನುಭವವೂ ಬೇಕು. ಅವಳ ಪಿಎಚ್.ಡಿ. ಪ್ರಯೋಗಾಲಯದಲ್ಲಿ ಅದಿಲ್ಲ, ಅರ್ಜಿ ಹೋಗುವಲ್ಲಿ ಇದೆ. ಪ್ರತಿಯಾಗಿ ಆ ಪ್ರಯೋಗಾಲಯಕ್ಕೆ ಗಟ್ಟಿಶಿಲೆಯ ಕ್ಷೇತ್ರಾನುಭವವಿಲ್ಲ, ಅವಳಿಗೆ ಇದೆ. ಜೊತೆಗೆ ಹಲವು ವರ್ಷ ಅಳೆದ ಬಾವಿಗಳ ದಾಖಲೆಯೂ ಇದೆ. ‘ನಿಮ್ಮ ಹೆಸರಾಂತ ಪ್ರಯೋಗಾಲಯದಲ್ಲಿ ಕೆಲಸ ಮಾಡುವುದು ನನ್ನ ಕನಸು’ ಎಂಬ ವಾಕ್ಯ ಮಾಡಲಾಗದ ಕೆಲಸವನ್ನು ಈ ಒಂದು ಕೊಡುಕೊಳ್ಳುವಿಕೆಯ ಪ್ಯಾರಾ ಮಾಡುತ್ತದೆ. ಈ ಪ್ಯಾರಾವನ್ನು ಬೇರೊಂದು ಪ್ರಯೋಗಾಲಯಕ್ಕೆ ಒಂದಕ್ಷರ ಬದಲಿಸದೆ ಕಳುಹಿಸಬಹುದಾದರೆ ಅದನ್ನು ಇನ್ನೂ ಬರೆದು ಮುಗಿಸಿಲ್ಲ ಎಂದು ತಿಳಿಯಬೇಕು.

ಎರಡು ವರ್ಷದಲ್ಲಿ ಏನಾಗಬಹುದು ಎಂಬ ಅಂದಾಜಿನಲ್ಲಿ ಹೊಸಬರು ಬಹಳ ಉದಾರಿಗಳಾಗುತ್ತಾರೆ. ಅವಳ ಮೊದಲ ಕರಡಿನಲ್ಲಿ ಜಿಲ್ಲೆಯ ಎಲ್ಲ ಕೆರೆಗಳು, ಭಾರಲೋಹಗಳು, ಔಷಧಿಗಳ ಉಳಿಕೆ, ರೈತರ ಸಮೀಕ್ಷೆ, ಗಣಕ ಮಾದರಿ ಎಲ್ಲವೂ ಇದ್ದವು. ಅನುಭವಿ ಓದುಗರು ಅದನ್ನು ಉತ್ಸಾಹವೆಂದು ಓದುವುದಿಲ್ಲ, ಕೆಲಸದ ಅಳತೆ ಗೊತ್ತಿಲ್ಲದವಳೆಂದು ಓದುತ್ತಾರೆ. ಕೊನೆಯ ರೂಪದಲ್ಲಿ ಮೂರು ಕೆರೆಗಳು ಉಳಿದವು: ಶುದ್ಧೀಕರಿಸಿದ ನೀರು ಬರುವ ಎರಡು, ಹೋಲಿಕೆಗಾಗಿ ಅವಳ ಹಳೆಯ ಮಳೆಯಾಶ್ರಿತ ಕೆರೆ ಒಂದು. ಮಳೆಗಾಲಕ್ಕೆ ಮುಂಚೆ ಮತ್ತು ನಂತರ, ಎರಡೂ ವರ್ಷ ಮಾದರಿ ಸಂಗ್ರಹ. ಕೆರೆ ಏರಿಯಿಂದ ದೂರ ಹೋದಂತೆ ಸಾಲಾಗಿ ಆರಿಸಿದ ಬಾವಿಗಳು. ಅಷ್ಟೇ.

ಯೋಜನೆ ಎಲ್ಲಿ ಕುಸಿಯಬಹುದು ಎಂದು ಹೇಳುವ ಒಂದೆರಡು ವಾಕ್ಯಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅವನ್ನು ಕ್ಷೇತ್ರ ಗೊತ್ತಿದ್ದವರು ಮಾತ್ರ ಬರೆಯಬಲ್ಲರು. ಇಲ್ಲಿ ಅಪಾಯ ಎರಡು. ಊರಿನ ಶೌಚಗುಂಡಿಗಳಿಂದಲೂ ಸ್ವಲ್ಪ ಸುಕ್ರಲೋಸ್ ನೆಲಕ್ಕೆ ಇಳಿದಿರಬಹುದು. ಮಳೆಯಾಶ್ರಿತ ಕೆರೆಯ ಕೆಳಗಿನ ಬಾವಿಗಳಲ್ಲೂ ಅದು ಕಂಡುಬಂದರೆ ಆ ಪ್ರಮಾಣವನ್ನು ಹಿನ್ನೆಲೆಯಾಗಿ ಕಳೆಯಬೇಕು, ಹೋಲಿಕೆಯ ಕೆರೆ ಇರುವುದೇ ಅದಕ್ಕಾಗಿ. ಎರಡನೆಯದು ಇನ್ನೂ ಗಂಭೀರ. ಕೋಲಾರದ ಆಳವಾದ ಕೊಳವೆಬಾವಿಗೆ ಹಲವು ಆಳದ ಬಿರುಕುಗಳಿಂದ ನೀರು ಬರುತ್ತದೆ, ಪಂಪ್ ಎತ್ತುವುದು ಅವೆಲ್ಲದರ ಮಿಶ್ರಣವನ್ನು. ಮೇಲಿನ ಬಿರುಕಿನಲ್ಲಿ ಕೆರೆಯ ನೀರು ತುಂಬಿದ್ದರೂ ಕೆಳಗಿನ ಹಳೆಯ ನೀರಿನೊಂದಿಗೆ ಬೆರೆತು ಅದರ ಪಾಲು ಕಡಿಮೆ ಕಾಣಬಹುದು. ಇದಕ್ಕೆ ಅವಳ ಉತ್ತರ, ಕೆಲವು ಬಾವಿಗಳಲ್ಲಾದರೂ ಪಂಪ್ ನಿಲ್ಲಿಸಿ ಬೇರೆ ಬೇರೆ ಆಳದಿಂದ ಮಾದರಿ ತೆಗೆಯುವುದು. ರೈತರು ಪಂಪನ್ನು ಬಾವಿಯಿಂದ ಹೊರತೆಗೆಯಲು ಒಪ್ಪುವ ಕಡೆ ಮಾತ್ರ ಇದು ಸಾಧ್ಯ ಎಂಬುದನ್ನೂ ಅವಳು ಬರೆದಿದ್ದಾಳೆ. ಮೊದಲ ಆರು ತಿಂಗಳಲ್ಲಿ ಕೆರೆಯ ಒಳಹರಿವಿನಿಂದ ಕೋಡಿಯವರೆಗೆ ಸುಕ್ರಲೋಸ್ ಸ್ಥಿರವಾಗಿದೆಯೇ ಎಂದು ನೋಡುತ್ತಾಳೆ. ಕೆರೆಯಲ್ಲೇ ಅದು ಗಣನೀಯವಾಗಿ ಇಳಿದರೆ ಪಾಲಿನ ಲೆಕ್ಕಕ್ಕೆ ಐಸೊಟೋಪನ್ನೇ ನೆಚ್ಚಿ, ಸುಕ್ರಲೋಸನ್ನು ಇದೆ ಅಥವಾ ಇಲ್ಲ ಎಂಬ ಗುರುತಿಗಷ್ಟೇ ಬಳಸುವುದೆಂದು ಮೊದಲೇ ಹೇಳಿಬಿಡುತ್ತಾಳೆ.

ಇಷ್ಟಾದ ಮೇಲೆ ಪತ್ರದ ಆರಂಭ ಮತ್ತು ಮುಕ್ತಾಯಕ್ಕೆ ಹೆಚ್ಚು ಜಾಗ ಬೇಕಿಲ್ಲ. ಯಾವ ಸ್ಥಾನಕ್ಕೆ, ಯಾವಾಗಿನಿಂದ ಲಭ್ಯ ಎಂಬುದು ಮೊದಲ ಎರಡು ವಾಕ್ಯಗಳಲ್ಲಿ ಬರಲಿ. ಬಾಲ್ಯದಿಂದಲೇ ವಿಜ್ಞಾನದಲ್ಲಿ ಆಸಕ್ತಿ ಇತ್ತು ಎಂಬುದನ್ನು ಪೂರ್ತಿ ಬಿಡಬಹುದು. ಪತ್ರದ ನಡುವಿನ ಎರಡು ಭಾಗಗಳಿಗೆ ಸಮನಾದ ಜಾಗ ಕೊಡಬೇಕೆಂಬ ನಿಯಮವೂ ಇಲ್ಲ. ಪ್ರಯೋಗಾಲಯದ ಈಗಿರುವ ಅನುದಾನಕ್ಕೆ ಆಳು ಬೇಕೆಂಬ ಜಾಹೀರಾತಿಗೆ ಬರೆಯುವಾಗ ಯೋಜನೆಯ ದಿಕ್ಕನ್ನು ಅವರು ಮೊದಲೇ ಗೊತ್ತುಮಾಡಿರುತ್ತಾರೆ, ಆಗ ಕೊಡುಗೆಯ ಭಾಗ ದೊಡ್ಡದಾಗಬೇಕು; ಸ್ವಂತ ಫೆಲೋಶಿಪ್ ತರುವ ಉದ್ದೇಶದಿಂದ ಬರೆಯುವಾಗ ಯೋಜನೆಯ ಭಾಗವೇ ದೊಡ್ಡದಾಗಬೇಕು. ಮೇರಿ ಕ್ಯೂರಿಯಂಥ ಫೆಲೋಶಿಪ್‌ಗಳಲ್ಲಿ ಆತಿಥೇಯ ದೇಶದಲ್ಲಿ ಇತ್ತೀಚೆಗೆ ಎಷ್ಟು ಕಾಲ ಇದ್ದಿರಬಹುದು, ಪಿಎಚ್.ಡಿ. ಪಡೆದು ಎಷ್ಟು ವರ್ಷವಾಗಿರಬಹುದು ಎಂಬ ಷರತ್ತುಗಳಿರುವುದರಿಂದ ತಾನು ಅರ್ಹಳೆಂದು ಪರಿಶೀಲಿಸಿಕೊಂಡಿದ್ದೇನೆ ಎಂಬ ಒಂದು ವಾಕ್ಯವಿದ್ದರೆ ಮುಖ್ಯಸ್ಥರಿಗೆ ಅನುಕೂಲ.

ಮಹಾಪ್ರಬಂಧದ ಮೌಖಿಕ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಸಲ್ಲಿಸಿದ ದಿನಾಂಕವನ್ನೂ ಪರೀಕ್ಷೆ ನಿರೀಕ್ಷಿಸುವ ತಿಂಗಳನ್ನೂ ಬರೆಯಬೇಕು. ಪತ್ರದ ಜೊತೆ ವ್ಯಕ್ತಿವಿವರ, ಕೊಡುಗೆಯ ಪ್ಯಾರಾದಲ್ಲಿ ಹೇಳಿದ ಫಲಿತಾಂಶವಿರುವ ಒಂದೇ ಒಂದು ಲೇಖನ ಅಥವಾ ಅಧ್ಯಾಯ, ಶಿಫಾರಸು ಮಾಡುವ ಇಬ್ಬರ ಅಥವಾ ಮೂವರ ಹೆಸರು ಇಷ್ಟಿದ್ದರೆ ಸಾಕು. ನಮ್ಮ ಅರ್ಜಿದಾರಳು ಕೊನೆಯ ಸಾಲಿನಲ್ಲಿ ಅರ್ಧ ಗಂಟೆಯ ವಿಡಿಯೋ ಮಾತುಕತೆಗೆ ಸಮಯ ಕೇಳಿ, ಆ ಮಾತುಕತೆಗೆ ತನ್ನ ಕಡೆಯಿಂದ ಒಂದು ನಿರ್ದಿಷ್ಟ ಪ್ರಶ್ನೆಯನ್ನೂ ಬರೆದಿದ್ದಾಳೆ: ಕೋಲಾರದಿಂದ ತಂಪಾಗಿಟ್ಟು ಕಳುಹಿಸುವ ಮಾದರಿಗಳು ಅವರ ಉಪಕರಣಕ್ಕೆ ಎಷ್ಟು ದಿನದೊಳಗೆ ತಲುಪಿದರೆ ಸುಕ್ರಲೋಸ್ ಅಳತೆ ನಂಬಲರ್ಹ?